ಕೇರಿಯಲ್ಲಿ ಸಂಶೋಧಕ ನಿಂತ ಜಾಗ

ಅಮೆರಿಕದ ಬಾಸ್ಟನ್ ನಗರದ ನಾರ್ತ್ ಎಂಡ್ 1930ರ ದಶಕದಲ್ಲಿ ಇಟಲಿಯಿಂದ ವಲಸೆ ಬಂದ ಬಡವರ ಕೇರಿಯಾಗಿತ್ತು. ಇಕ್ಕಟ್ಟಾದ ಹಳೆಯ ಕಟ್ಟಡಗಳು, ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಯುವಕರು, ಬೀದಿ ಬೀದಿಯಲ್ಲೂ ಜೂಜು. ಹೊರಗಿನವರಿಗೆ ಅದು ಅಪಾಯದ ಜಾಗ, ಶಿಸ್ತಿಲ್ಲದ ಜಾಗ. 1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫೆಲೋಶಿಪ್ ಪಡೆದ ವಿಲಿಯಂ ಫೂಟ್ ವೈಟ್ ಅಧ್ಯಯನಕ್ಕೆ ಆರಿಸಿಕೊಂಡದ್ದು ಇದೇ ಕೇರಿಯನ್ನು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ತಂದೆ ಜರ್ಮನ್ ಭಾಷೆಯ ಪ್ರಾಧ್ಯಾಪಕರು. ಬಡತನವಾಗಲಿ, ಕೊಳೆಗೇರಿಯಾಗಲಿ ಅವರ ಅನುಭವಕ್ಕೆ ಬಂದದ್ದಲ್ಲ.

ಆ ಅಧ್ಯಯನ 1943ರಲ್ಲಿ ‘ಸ್ಟ್ರೀಟ್ ಕಾರ್ನರ್ ಸೊಸೈಟಿ’ ಎಂಬ ಪುಸ್ತಕವಾಯಿತು. ಅಸ್ತವ್ಯಸ್ತವೆಂದು ಜನ ಅಂದುಕೊಂಡಿದ್ದ ಕೇರಿಗೆ ಗಟ್ಟಿಯಾದ ತನ್ನದೇ ಕಟ್ಟುಪಾಡು ಇದೆಯೆಂದು ಅದು ತೋರಿಸಿತು. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಹುಡುಕಿ ಓದುವ ಭಾಗ ಮಾತ್ರ 1955ರ ಎರಡನೆಯ ಮುದ್ರಣಕ್ಕೆ ವೈಟ್ ಸೇರಿಸಿದ ಅನುಬಂಧ. ತಾನು ಯಾರು, ಕೇರಿಯೊಳಗೆ ಹೇಗೆ ಹೋದೆ, ಯಾರ ನೆರಳಿನಲ್ಲಿ ನಿಂತು ನೋಡಿದೆ ಎಂಬುದನ್ನೆಲ್ಲ ಅವರು ಅಲ್ಲಿ ಬಿಡಿಸಿ ಹೇಳಿದ್ದಾರೆ.

ಮೊದಮೊದಲು ವೈಟ್ ಮನೆ ಮನೆಯ ಬಾಗಿಲು ತಟ್ಟಿ ವಸತಿ ಸಮೀಕ್ಷೆ ಮಾಡಿದರು. ಜನ ಉತ್ತರ ಕೊಟ್ಟರೂ ಒಳಗಿನ ಬದುಕು ಕಾಣಲಿಲ್ಲ. ಹೋಟೆಲೊಂದರಲ್ಲಿ ಅಪರಿಚಿತರ ಮೇಜಿಗೆ ಹೋಗಿ ಜೊತೆಗೆ ಕೂರಬಹುದೇ ಎಂದು ಕೇಳಿದಾಗ, ಅಲ್ಲಿದ್ದವನೊಬ್ಬ ಮೆಟ್ಟಿಲ ಕೆಳಗೆ ಎಸೆಯುತ್ತೇನೆಂದು ಗದರಿದ. ಕೊನೆಗೆ ನೆರವಿಗೆ ಬಂದದ್ದು ಒಂದು ಸಮಾಜಸೇವಾ ಕೇಂದ್ರ. 1937ರ ಫೆಬ್ರವರಿಯಲ್ಲಿ ಅಲ್ಲಿನ ಕಾರ್ಯಕರ್ತೆಯೊಬ್ಬರು ಬೀದಿಯ ಯುವಕರ ಗುಂಪಿನ ನಾಯಕನೊಬ್ಬನನ್ನು ಅವರಿಗೆ ಪರಿಚಯಿಸಿದರು. ಪುಸ್ತಕದಲ್ಲಿ ಅವನಿಗೆ ‘ಡಾಕ್’ ಎಂದು ಹೆಸರು. ಏನು ನೋಡಬೇಕು ಹೇಳಿ, ಕರೆದುಕೊಂಡು ಹೋಗುತ್ತೇನೆ, ಯಾರಾದರೂ ಕೇಳಿದರೆ ನನ್ನ ಸ್ನೇಹಿತ ಎನ್ನುತ್ತೇನೆ ಎಂದು ಡಾಕ್ ಒಪ್ಪಿಕೊಂಡ.

ಅಲ್ಲಿಂದಾಚೆ ಬಾಗಿಲುಗಳು ತೆರೆದವು. ವೈಟ್ ಅಲ್ಲಿನ ಒಂದು ಇಟಾಲಿಯನ್ ಕುಟುಂಬದ ಊಟದ ಹೋಟೆಲಿನ ಮೇಲೆ ಕೋಣೆ ಹಿಡಿದರು, ಇಟಾಲಿಯನ್ ಕಲಿಯತೊಡಗಿದರು. ಪುಸ್ತಕ ಬರೆಯುತ್ತಿದ್ದಾನೆ ಎಂಬುದಷ್ಟೇ ಜನರಿಗೆ ಗೊತ್ತಿದ್ದ ವಿವರಣೆ, ಅದು ಅವರಿಗೆ ಸಾಕಾಗಿತ್ತು. ಅವರು ಮುಖ್ಯವಾಗಿ ನೋಡುತ್ತಿದ್ದದ್ದು ಇವನು ಯಾರ ಜೊತೆಗಿದ್ದಾನೆ ಎಂಬುದನ್ನು. ತನ್ನನ್ನು ಒಪ್ಪಿಕೊಂಡದ್ದಕ್ಕೆ ಕಾರಣ ತನ್ನ ವಿವರಣೆಯಲ್ಲ, ಡಾಕ್‌ನಂಥವರ ಜೊತೆಗಿನ ನಂಟು ಎಂದು ವೈಟ್ ಸ್ಪಷ್ಟವಾಗಿ ಬರೆಯುತ್ತಾರೆ.

ಹಾಗೆಂದು ಬಾಯಿಗೆ ಬಂದದ್ದನ್ನೆಲ್ಲ ಕೇಳುವಂತಿರಲಿಲ್ಲ. ಒಮ್ಮೆ ಡಾಕ್ ಜೂಜಿನ ಧಂದೆಯ ಅನುಭವಿಯೊಬ್ಬನ ಮಾತು ಕೇಳಿಸಲು ಕರೆದೊಯ್ದ. ಅವನು ಉತ್ಸಾಹದಿಂದ ಹಳೆಯ ಕಥೆ ಹೇಳುತ್ತಿದ್ದಾಗ ವೈಟ್ ನಡುವೆ ಬಾಯಿ ಹಾಕಿ, ಪೊಲೀಸರಿಗೆಲ್ಲ ಲಂಚ ಹೋಗುತ್ತಿತ್ತಲ್ಲವೇ ಎಂದು ಕೇಳಿಬಿಟ್ಟರು. ಆತ ಬೆಚ್ಚಿ ಅವರನ್ನೇ ನೋಡಿದ, ಅಂಥದ್ದೇನೂ ಇಲ್ಲವೆಂದು ಸಾಧಿಸಿದ, ಮಾತು ಬದಲಿಸಿದ. ಅಂದಿನ ಸಂಜೆ ಅಲ್ಲಿಗೇ ಕೆಟ್ಟಿತು. ಮರುದಿನ ಡಾಕ್ ಬುದ್ಧಿ ಹೇಳಿದ: ಯಾರು, ಏನು, ಏಕೆ ಎಂದು ಕೇಳುವುದನ್ನು ಕಡಿಮೆ ಮಾಡು, ಸುಮ್ಮನೆ ಜೊತೆಗಿರು, ಉತ್ತರಗಳು ತಾವಾಗಿ ಬರುತ್ತವೆ. ಆ ಮಾತನ್ನು ಪಾಲಿಸಿದಾಗ, ಕೇಳಬೇಕೆಂದು ತೋಚಿಯೇ ಇರದ ಪ್ರಶ್ನೆಗಳಿಗೂ ಉತ್ತರ ಸಿಕ್ಕಿತೆಂದು ವೈಟ್ ದಾಖಲಿಸಿದ್ದಾರೆ.

ಜೊತೆಗಿರುವುದೆಂದರೆ ಅವರಂತೆಯೇ ಆಗುವುದೆಂದು ಅವರು ಮೊದಲು ತಿಳಿದಿದ್ದರು. ಒಂದು ಸಂಜೆ ಹುಡುಗರ ಹಾಗೆ ಬೈಗುಳ ಬಳಸಿದಾಗ ಎಲ್ಲರೂ ನಡೆಯುವುದನ್ನು ನಿಲ್ಲಿಸಿ ಅವರತ್ತ ತಿರುಗಿದರು. ಹಾಗೆ ಮಾತಾಡುವುದು ನಿನಗೆ ಒಗ್ಗುವುದಿಲ್ಲ ಎಂದ ಡಾಕ್. ಅವರು ತಮ್ಮಂತಾಗಬೇಕೆಂದು ಆ ಹುಡುಗರು ಬಯಸಿರಲೇ ಇಲ್ಲ. ಬೇರೆಯವನಾಗಿದ್ದೇ ತಮ್ಮಲ್ಲಿ ಆಸಕ್ತಿ ಇಟ್ಟಿದ್ದಾನೆ ಎಂಬುದೇ ಅವರಿಗೆ ಹಿತವಾಗಿತ್ತು.

ಆದರೂ ಸೆಳೆತ ಬಲವಾಗಿತ್ತು. ಸ್ಥಳೀಯ ರಾಜಕಾರಣಿಯೊಬ್ಬನ ಚುನಾವಣಾ ಕೆಲಸದಲ್ಲಿ ಸೇರಿಕೊಂಡ ವೈಟ್, ಅವನ ಬೆಂಬಲಿಗರ ಜೊತೆ ಓಡಾಡುತ್ತ, ಒಂದೇ ದಿನ ನಾಲ್ಕು ಸಲ ಮತ ಹಾಕಿದರು. ಸಿಕ್ಕಿಬಿದ್ದಿದ್ದರೆ ಅಧ್ಯಯನವೇ ಮುಗಿಯುತ್ತಿತ್ತು. ಆ ಕೆಲಸ ಅನಗತ್ಯವಾಗಿತ್ತೆಂದೂ, ಜನರ ಗೌರವ ಉಳಿಸಿಕೊಳ್ಳಲು ತನ್ನ ಮೇಲೆ ತನಗಿರುವ ಗೌರವವನ್ನು ಬಿಡಬೇಕಾಗಿಲ್ಲವೆಂದೂ ಅನುಬಂಧದಲ್ಲಿ ಒಪ್ಪಿಕೊಂಡರು.

ಈ ಒಳಗೂ ಹೊರಗೂ ಅಲ್ಲದ ನೆಲೆಯಿಂದಲೇ ಪುಸ್ತಕದ ಅತ್ಯುತ್ತಮ ಒಳನೋಟ ಹುಟ್ಟಿತು. ಸಾಲಾಗಿ ನಿಲ್ಲಿಸಿದ ಮರದ ಗೂಟಗಳನ್ನು ಚೆಂಡು ಉರುಳಿಸಿ ಬೀಳಿಸುವ ಬೌಲಿಂಗ್ ಆಟ ಡಾಕ್‌ನ ಗುಂಪಿಗೆ ಪ್ರಾಣ. ವೈಟ್ ಕೂಡ ಪ್ರತಿ ವಾರ ಆಡುತ್ತಿದ್ದರು. 1938ರ ವಸಂತದಲ್ಲಿ ನಡೆದ ಪಂದ್ಯದಲ್ಲಿ ಅಂಕಪಟ್ಟಿಯ ಕ್ರಮ ಗುಂಪಿನೊಳಗಿನ ಸ್ಥಾನಮಾನದ ಕ್ರಮವನ್ನು ಬಹುಮಟ್ಟಿಗೆ ಹೋಲಿತು. ನಾಯಕರು ಮೇಲೆ, ಹಿಂಬಾಲಕರು ಕೆಳಗೆ. ಬೇರೆ ದಿನಗಳಲ್ಲಿ ಚೆನ್ನಾಗಿ ಆಡುತ್ತಿದ್ದ, ಆದರೆ ಗುಂಪಿನಲ್ಲಿ ಕೆಳಗಿದ್ದ ಒಬ್ಬ ಅಂದು ಕೊನೆಗೆ ಬಿದ್ದ. ಕೆಳಗಿನವನು ಮುಂದೆ ಬರುವ ಸೂಚನೆ ಕಂಡರೆ ಉಳಿದವರ ಕೂಗಾಟ, ಚುಚ್ಚುಮಾತು ಅವನ ಕೈಯನ್ನು ಅದುರಿಸುತ್ತಿದ್ದವು. ಪಂದ್ಯ ಗೆದ್ದದ್ದು ವೈಟ್. ಆಟದ ಅಂಕಣದಲ್ಲೇ ಗುಂಪಿನ ರಚನೆ ಕೆಲಸ ಮಾಡುತ್ತಿತ್ತು, ಉಳಿದವರನ್ನು ಅವರವರ ಜಾಗದಲ್ಲಿ ಹಿಡಿದಿಟ್ಟಂತೆ ನನ್ನನ್ನೂ ಹಿಡಿದಿಟ್ಟಿತ್ತು ಎಂಬುದು ಅವರಿಗೆ ಹೊಳೆದದ್ದು ಆಗ. ಗ್ಯಾಲರಿಯಲ್ಲಿ ಕುಳಿತು ನೋಡಿದ್ದರೆ ಆ ಒತ್ತಡದ ರುಚಿ ಅವರಿಗೆ ಸಿಗುತ್ತಿರಲಿಲ್ಲ.

ಇದಕ್ಕೆ ಡಾಕ್ ತೆತ್ತ ಬೆಲೆಯೂ ಇದೆ. ಮೊದಲೆಲ್ಲ ಯೋಚಿಸದೆ ಮಾಡುತ್ತಿದ್ದ ಕೆಲಸವನ್ನು, ವೈಟ್‌ಗೆ ಇದನ್ನು ಹೇಗೆ ವಿವರಿಸಲಿ ಎಂದು ಯೋಚಿಸಿ ಮಾಡುವಂತಾಗಿದೆ, ನೀನು ನನ್ನ ವೇಗವನ್ನೇ ಕುಗ್ಗಿಸಿದೆ ಎಂದು ಅವನು ಒಮ್ಮೆ ಹೇಳಿದ. ಅವನು ಕರಡುಗಳನ್ನು ಓದಿ ಸಲಹೆ ಕೊಟ್ಟ, ವಿಶ್ಲೇಷಣೆಯಲ್ಲಿ ಸಹಭಾಗಿಯಾದ. ಪುಸ್ತಕ ಹೊರಬಂದ ಮೇಲೆ ಮಾತ್ರ ಕೇರಿಯವರು ಅದನ್ನು ಓದುವುದು ಅವನಿಗೆ ಬೇಕಿರಲಿಲ್ಲ. ಯುವಕರ ನಾಯಕತ್ವದ ಬಗ್ಗೆ ಬರೆದದ್ದು ಸಂಶೋಧಕನಿಗೆ ಹೆಸರು ತಂದಿತು. ಆ ನಾಯಕನಿಗೆ ಉಳಿದದ್ದು, ನೆರೆಯವರೆದುರು ಮುಜುಗರವಾದೀತೆಂಬ ಅಳುಕು.

ಇದೇ ಬಗೆಯ ತೊಡಕು ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಎಂ. ಎನ್. ಶ್ರೀನಿವಾಸ್ ಅವರಿಗೂ ಎದುರಾಯಿತು. 1948ರಲ್ಲಿ ಅವರು ‘ರಾಂಪುರ’ ಎಂದು ಹೆಸರಿಟ್ಟು ಬರೆದ ಆ ಊರಿನಲ್ಲಿ ಪಟೇಲರ ಆಶ್ರಯದಲ್ಲಿ ಇದ್ದರು. ಬ್ರಾಹ್ಮಣ ಸಂಶೋಧಕರಿಗೆ ಪಟೇಲರ ಆಸರೆ ಮೇಲುಜಾತಿಯವರ ಅಂಗಳವನ್ನು ತೆರೆಯಿತು. ದಲಿತರ ಕೇರಿಗೆ ಹೋಗಿ ಕೂರುವುದು ಅಷ್ಟು ಸುಲಭವಾಗಲಿಲ್ಲ. 1976ರಲ್ಲಿ ಬಂದ ‘ದಿ ರಿಮೆಂಬರ್ಡ್ ವಿಲೇಜ್’ನಲ್ಲಿ ಈ ಮಿತಿಯನ್ನು ಅವರೇ ಹೇಳಿಕೊಂಡಿದ್ದಾರೆ. ಆಶ್ರಯ ಕೊಟ್ಟವರು ಒಂದು ಹಾದಿ ತೋರಿಸುತ್ತಲೇ ಇನ್ನೊಂದನ್ನು ಮುಚ್ಚಿದ್ದರು.

ನಾರ್ತ್ ಎಂಡ್‌ನಲ್ಲಿ ಮುಚ್ಚಿದ್ದ ಹಾದಿ ಮನೆಯೊಳಗಿನದು. ಮಾರಿಯಾನೆ ಬೋಯೆಲೆನ್ ಅದೇ ಕೇರಿಗೆ ಹೋಗಿ ಹಳಬರನ್ನು ಮಾತನಾಡಿಸಿ 1992ರಲ್ಲಿ ಕಟುವಾದ ವಿಮರ್ಶೆ ಬರೆದರು: ಬೀದಿಯಲ್ಲಿ ನಿಂತ ಯುವಕರನ್ನು ಕಂಡ ವೈಟ್, ಅವರ ಕುಟುಂಬವನ್ನೂ ಅದರ ಹಿಂದಿನ ಇಟಲಿಯ ಹಳ್ಳಿಯ ಪದ್ಧತಿಯನ್ನೂ ಅರಿಯಲಿಲ್ಲ. ವೈಟ್ ತಮ್ಮ ವಿವರಣೆಯನ್ನು ಸಮರ್ಥಿಸಿಕೊಂಡರು. ಅವರ ಜೊತೆ ಕೆಲಸ ಮಾಡಿದ ಕೇರಿಯ ಯುವಕನೊಬ್ಬ, ಆಗ ವೃದ್ಧ, ಅವರ ಪರವಾಗಿ ಬರೆದ.

ವಾದ ಯಾರ ಕಡೆ ವಾಲಿದರೂ ಓದುಗರ ಕೈಯಲ್ಲಿ ಅನುಬಂಧವಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೌಲಿಂಗ್ ಅಂಕಣದ, ಬೀದಿಯ ಗುಂಪುಗಳ ಅಧ್ಯಾಯಗಳನ್ನು ಹೆಚ್ಚು ನಂಬಬಹುದು, ಏಕೆಂದರೆ ಬರೆದವರು ಅಲ್ಲಿ ವಾರ ವಾರ ಇದ್ದರು. ಅಮ್ಮಂದಿರ, ಅಕ್ಕತಂಗಿಯರ ಬಗ್ಗೆ ಬರುವ ಸಾಲುಗಳನ್ನು ಎಚ್ಚರದಿಂದ ಓದಬೇಕು. ಅವರನ್ನು ಬಹುಪಾಲು ಆ ಹುಡುಗರ ಮಾತಿನ ಮೂಲಕವೇ ವೈಟ್ ಕಂಡಿದ್ದರು.