ಅಲರ್ಟ್ ಹೇಳುವ ಚಿನ್ನ, ಬಿಲ್ಲಿನಲ್ಲಿ ಬರುವ ಚಿನ್ನ

ಉಡುಪಿಯ ಬಸ್ ನಿಲ್ದಾಣದ ಹತ್ತಿರ ಅಕ್ಕನೊಬ್ಬರ ಪುಟ್ಟ ದಿನಸಿ ಅಂಗಡಿಯಿದೆ. ಹಾಲಿನ ಪ್ಯಾಕೆಟ್ ಕೊಟ್ಟು, ಚಿಲ್ಲರೆ ಎಣಿಸಿ, ಮುಂದಿನ ಗಿರಾಕಿ ಬರುವುದರೊಳಗೆ ಅವರು ಮೊಬೈಲ್ ತೆಗೆದು ನೋಡುತ್ತಾರೆ. ಚಿನ್ನದ ದರ ತಾವು ಗುರುತು ಹಾಕಿಟ್ಟ ಅಂಕಿಗೆ ಇಳಿದರೆ ಅದರಲ್ಲಿ ಗಂಟೆ ಬಾರಿಸುತ್ತದೆ. ಮಗಳ ಮದುವೆಗೆ ಒಂದು ಪವನಿನ, ಅಂದರೆ ಎಂಟು ಗ್ರಾಂನ ಸರ ಆಗಬೇಕು. ಅದಕ್ಕೆಂದೇ ದಿನವೂ ಪಿಗ್ಮಿ ಕಟ್ಟುತ್ತಾರೆ. ದಿನಕ್ಕಿಷ್ಟು ಎಂದು ಮನೆಬಾಗಿಲಿಗೇ ಬಂದು ಹಣ ಸಂಗ್ರಹಿಸುವ ಈ ಪದ್ಧತಿಯನ್ನು 1928ರಲ್ಲಿ ಶುರುಮಾಡಿದ್ದು ಇದೇ ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ.

ಒಂದು ರಾತ್ರಿ ಒಂಬತ್ತರ ಸುಮಾರಿಗೆ ಗಂಟೆ ಬಾರಿಸಿತು. ಗ್ರಾಂಗೆ ಹತ್ತು ಸಾವಿರ. ಬೆಳಿಗ್ಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಎಂಬತ್ತು ಸಾವಿರ ಹಿಡಿದು ಆಭರಣದ ಮಳಿಗೆಗೆ ಹೋದರು. ಮಳಿಗೆಯವರು ಎಂಬತ್ತನಾಲ್ಕೂವರೆ ಸಾವಿರ ದಾಟಿದ ಅಂಕಿ ಹೇಳಿದಾಗ ಬರಿಗೈಯಲ್ಲಿ ಹಿಂದೆ ಬಂದರು. "ಮೊಬೈಲ್ ಸುಳ್ಳು ಹೇಳಿತೋ, ಅವರು ಹೆಚ್ಚು ಹೇಳಿದರೋ ನೀವೇ ನೋಡಿ," ಎಂದು ಚೀಟಿಯನ್ನು ನನ್ನ ಮುಂದಿಟ್ಟರು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ಅಲರ್ಟ್ ಹೇಳಿದ್ದು 24 ಕ್ಯಾರೆಟ್ಟಿನ ಅಪರಂಜಿಯ ದರ. ನಮ್ಮಲ್ಲಿ ಸರ, ಬಳೆ ಮಾಡುವುದು ಹೆಚ್ಚಾಗಿ 22 ಕ್ಯಾರೆಟ್ಟಿನಲ್ಲಿ. ಅಪರಂಜಿ ಮೆತ್ತಗಿರುವುದರಿಂದ ಅದಕ್ಕೆ ತಾಮ್ರ, ಬೆಳ್ಳಿ ಬೆರೆಸುತ್ತಾರೆ. ಸಾವಿರದಲ್ಲಿ 916 ಪಾಲು ಚಿನ್ನ ಉಳಿಯುವುದರಿಂದ ಒಡವೆಯ ಮೇಲೆ 916 ಎಂಬ ಗುರುತು. ಹಾಗಾಗಿ ಅಪರಂಜಿ ಹತ್ತು ಸಾವಿರವಾದರೆ ಒಡವೆಯ ಚಿನ್ನ ಗ್ರಾಂಗೆ ಸುಮಾರು 9,160. ಎಂಟು ಗ್ರಾಂಗೆ 73,280 ರೂಪಾಯಿ.

ಇಲ್ಲಿಯವರೆಗೆ ಲಾಭವೇ. ಹೆಚ್ಚಾಗುವುದು ಇದರ ನಂತರ. ಮಳಿಗೆಯವರು ವೇಸ್ಟೇಜ್, ಮಜೂರಿ ಎಲ್ಲ ಸೇರಿ ಶೇಕಡಾ 12 ಹಾಕಿದ್ದರು, ಅದು 8,794. ಒಟ್ಟು ಮೊತ್ತದ ಮೇಲೆ ಶೇಕಡಾ 3 ಜಿಎಸ್‌ಟಿ, ಅಂದರೆ 2,462. ಹಾಲ್‌ಮಾರ್ಕಿಗೆ ತೆರಿಗೆ ಸೇರಿ 53. ಎಲ್ಲ ಕೂಡಿಸಿದರೆ 84,589.

ರಾತ್ರಿಯ ದರ ಬೆಳಿಗ್ಗೆ ಸಿಗಲೇಬೇಕೆಂದೂ ಇಲ್ಲ. ಚಿನ್ನದ ಬೆಲೆ ಹೊರದೇಶದ ಮಾರುಕಟ್ಟೆಯಲ್ಲಿ ಡಾಲರಿನಲ್ಲಿ ಏರಿಳಿಯುತ್ತದೆ. ನಮಗೆ ರಾತ್ರಿಯಾದಾಗ ಅಮೆರಿಕದಲ್ಲಿ ವ್ಯಾಪಾರದ ಹೊತ್ತು. ಊರಿನ ಮಳಿಗೆಗಳು ಬೆಳಿಗ್ಗೆ ಹೊಸ ದರ ಹಾಕುತ್ತವೆ. ಡಾಲರಿನ ಎದುರು ರೂಪಾಯಿ ಇಳಿದರೆ ಹೊರಗೆ ಅಗ್ಗವಾದದ್ದು ಇಲ್ಲಿ ಅಗ್ಗವಾಗದೆಯೂ ಇರಬಹುದು. ಸರ್ಕಾರದ ಸುಂಕವೂ ಲೆಕ್ಕಕ್ಕೆ ಬರುತ್ತದೆ: 2024ರ ಜುಲೈ ಬಜೆಟ್ಟಿನಲ್ಲಿ ಆಮದು ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದಾಗ ಇಲ್ಲಿನ ದರ ತಕ್ಷಣವೇ ಕುಸಿದಿತ್ತು.

ಅಕ್ಕನ ಚೀಟಿಯ ಹಿಂಬದಿಯಲ್ಲೇ ಇನ್ನೊಂದು ಲೆಕ್ಕ ಹಾಕಿದೆವು. ಅಪರಂಜಿಯ ದರ ಗ್ರಾಂಗೆ ನೂರು ರೂಪಾಯಿ ಇಳಿದರೆ ಈ ಸರದಲ್ಲಿ ಉಳಿಯುವುದು ಸುಮಾರು 845 ರೂಪಾಯಿ. ದರ ಇದ್ದಲ್ಲೇ ಇದ್ದು, ವೇಸ್ಟೇಜ್ ಶೇಕಡಾ 12ರಿಂದ 8ಕ್ಕೆ ಇಳಿದರೆ ಉಳಿಯುವುದು 3,019. ಅಷ್ಟನ್ನೇ ದರದ ಇಳಿಕೆಯಿಂದ ಪಡೆಯಬೇಕಾದರೆ ಗ್ರಾಂಗೆ 350 ರೂಪಾಯಿಗೂ ಹೆಚ್ಚು ಇಳಿಯಬೇಕು. ತಿಂಗಳುಗಟ್ಟಲೆ ಗಂಟೆಗೆ ಕಿವಿಗೊಟ್ಟು ಕೂತ ಅಕ್ಕ ಈ ಅಂಕಿಯನ್ನು ಎರಡು ಸಲ ಗುಣಿಸಿ ನೋಡಿದರು. ಬೇಳೆ ಕೊಳ್ಳುವಾಗ ಮೂಟೆಗೆ ಹತ್ತು ರೂಪಾಯಿ ಬಿಡಿಸಿಕೊಳ್ಳುವ ಅವರು ಒಡವೆಯ ಮಳಿಗೆಯಲ್ಲಿ ವೇಸ್ಟೇಜಿನ ಬಗ್ಗೆ ಬಾಯಿಯನ್ನೇ ತೆರೆದಿರಲಿಲ್ಲ. "ಅದು ಸರ್ಕಾರದ ಲೆಕ್ಕ ಅಂತ ತಿಳಿದಿದ್ದೆ," ಎಂದರು.

ಅದು ಸರ್ಕಾರದ್ದಲ್ಲ, ಮಳಿಗೆಯದ್ದು. ಕುಸುರಿ ಹೆಚ್ಚಿದ್ದರೆ ಕೂಲಿ ಹೆಚ್ಚುವುದು ನ್ಯಾಯವೇ. ಕೈಕೆಲಸ ಮಾಡುವ ಅಕ್ಕಸಾಲಿಗನ ಶ್ರಮಕ್ಕೆ ಬೆಲೆ ಇರಲೇಬೇಕು. ಆದರೆ ಯಂತ್ರದಲ್ಲಿ ಹೆಣೆದ ಸಾದಾ ಸರಕ್ಕೂ ಕುಸುರಿಯ ಹಾರಕ್ಕೂ ಒಂದೇ ಶೇಕಡಾವಾರು ಹಾಕಿದ್ದರೆ ಕೇಳಲೇಬೇಕು. ಕೆಲವು ಕಡೆ ದರ ಕಡಿಮೆ ತೋರಿಸಿ ವೇಸ್ಟೇಜಿನಲ್ಲಿ ತುಂಬಿಸಿಕೊಳ್ಳುವುದೂ ಉಂಟು.

ಮರುವಾರ ಅಕ್ಕ ಮೂರು ಮಳಿಗೆ ಸುತ್ತಿದರು. ಸಾದಾ ಹೆಣಿಗೆಯ ಸರವನ್ನೇ ಆರಿಸಿ, ಶೇಕಡಾ 8ಕ್ಕೆ ಒಪ್ಪಿಸಿ, ಅದೇ ಹತ್ತು ಸಾವಿರದ ದರದಲ್ಲಿ 81,570 ರೂಪಾಯಿ ಕೊಟ್ಟು ತಂದರು. ಕೊಂಡಿಯ ಬಳಿ ಕೊರೆದಿದ್ದ ಆರು ಅಕ್ಷರ-ಅಂಕಿಗಳ ಗುರುತನ್ನು ಭೂತಗನ್ನಡಿಯಲ್ಲಿ ಓದಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದೆವು. 22 ಕ್ಯಾರೆಟ್ ಎಂದೇ ಬಂತು.

ನೀವೂ ಒಡವೆ ಕೊಳ್ಳಲು ಹೊರಟಿದ್ದರೆ, ಇಂದಿನ ದರ ಎಷ್ಟು ಎಂದು ಕೇಳಿದ ಮೇಲೆ ವೇಸ್ಟೇಜ್ ಎಷ್ಟು ಎಂಬುದನ್ನೂ ಕೇಳಿ, ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.