ಪಟ್ಟಿಯಲ್ಲಿಲ್ಲದ ಪೆಂಗ್ವಿನ್

ಅಂಟಾರ್ಕ್ಟಿಕಾದ ಪಾಮರ್ ದ್ವೀಪಸಮೂಹದಲ್ಲಿ 2007ರಿಂದ 2009ರವರೆಗೆ ಕ್ರಿಸ್ಟನ್ ಗೋರ್ಮನ್ ಮತ್ತು ಅವರ ಸಂಗಡಿಗರು ಪೆಂಗ್ವಿನ್‌ಗಳ ಕೊಕ್ಕು, ರೆಕ್ಕೆಗಳನ್ನು ಅಳೆದರು, ತೂಕ ಬರೆದಿಟ್ಟರು. ಇಂದು ಸಂಖ್ಯಾಶಾಸ್ತ್ರ ಕಲಿಯುವವರು ಜಗತ್ತಿನೆಲ್ಲೆಡೆ ಬಳಸುವ ದತ್ತಾಂಶ ಅದು. ತೂಕ ದಾಖಲಾದ ಹಕ್ಕಿಗಳು 342. ಅವುಗಳಲ್ಲಿ ಅಡೇಲಿ ಪ್ರಭೇದದವು 151, ಚಿನ್‌ಸ್ಟ್ರಾಪ್ 68, ಜೆಂಟೂ 123. ಪ್ರಭೇದ ಗೊತ್ತಾದರೆ ಹಕ್ಕಿಯ ತೂಕವನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬುದು ಇಲ್ಲಿ ಕೇಳಬಹುದಾದ ಸರಳ ಪ್ರಶ್ನೆ.

ಇದಕ್ಕೆ ರಿಗ್ರೆಶನ್ ಎಂಬ ಲೆಕ್ಕವಿದೆ. ಆದರೆ ಆ ಲೆಕ್ಕಕ್ಕೆ ಬೇಕಾದದ್ದು ಸಂಖ್ಯೆ, ನಮ್ಮ ಕೈಯಲ್ಲಿರುವುದು ಹೆಸರು. ಅಡೇಲಿಗೆ 1, ಚಿನ್‌ಸ್ಟ್ರಾಪ್‌ಗೆ 2, ಜೆಂಟೂಗೆ 3 ಎಂದು ಕೊಟ್ಟುಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಕೊಟ್ಟ ಕ್ಷಣವೇ ನಾವು ಎರಡು ಸುಳ್ಳುಗಳನ್ನು ಲೆಕ್ಕಕ್ಕೆ ಸೇರಿಸಿರುತ್ತೇವೆ. ಮೂರು ಪ್ರಭೇದಗಳು ಮೆಟ್ಟಿಲಿನಂತೆ ಒಂದರ ಮೇಲೊಂದು ಇವೆ ಎಂಬುದು ಒಂದು, ಮೆಟ್ಟಿಲುಗಳ ಎತ್ತರ ಸಮ ಎಂಬುದು ಇನ್ನೊಂದು. ಪರಿಣಾಮವನ್ನು ಅಳೆದೇ ನೋಡಬಹುದು. ಚಿನ್‌ಸ್ಟ್ರಾಪ್‌ಗಳ ನಿಜವಾದ ಸರಾಸರಿ ತೂಕ 3733 ಗ್ರಾಂ. 1, 2, 3 ಎಂದು ಬರೆದು ಮಾಡಿದ ಲೆಕ್ಕ ಅದನ್ನು ಸುಮಾರು 4257 ಗ್ರಾಂ ಎನ್ನುತ್ತದೆ. ಜೆಂಟೂಗಳು ತುಂಬಾ ಭಾರವಿರುವುದರಿಂದ ಸರಳರೇಖೆ ಮೇಲಕ್ಕೆ ಎಳೆಯಲ್ಪಡುತ್ತದೆ, ನಡುವೆ ಸಿಕ್ಕಿಕೊಂಡ ಚಿನ್‌ಸ್ಟ್ರಾಪ್‌ಗೆ ಅರ್ಧ ಕಿಲೋ ಹೆಚ್ಚುವರಿ ತೂಕ ಅಂಟಿಕೊಳ್ಳುತ್ತದೆ.

ಸರಿಯಾದ ದಾರಿ ಹೌದು–ಅಲ್ಲ ಎಂದು ಕೇಳುವುದು. ‘ಈ ಹಕ್ಕಿ ಚಿನ್‌ಸ್ಟ್ರಾಪ್ ಹೌದೇ?’ ಹೌದಾದರೆ 1, ಅಲ್ಲವಾದರೆ 0. ‘ಜೆಂಟೂ ಹೌದೇ?’ ಅದಕ್ಕೂ ಹಾಗೆಯೇ. ಈ ಸೊನ್ನೆ–ಒಂದುಗಳ ಕಾಲಂಗಳಿಗೆ ಡಮ್ಮಿ ವೇರಿಯಬಲ್ ಎನ್ನುತ್ತಾರೆ. ಅಡೇಲಿಗೆ ಪ್ರತ್ಯೇಕ ಕಾಲಂ ಬೇಕಿಲ್ಲ. ಎರಡೂ ಪ್ರಶ್ನೆಗೆ ‘ಅಲ್ಲ’ ಎಂದು ಉತ್ತರ ಬಂದರೆ ಅದು ಅಡೇಲಿಯೇ.

ಅದಕ್ಕೂ ಒಂದು ಕಾಲಂ ಕೊಟ್ಟರೆ ಏನಾಗುತ್ತದೆ? ಲೆಕ್ಕಕ್ಕೆ ಒಂದೇ ಉತ್ತರ ಉಳಿಯುವುದಿಲ್ಲ. ಸಮೀಕರಣದಲ್ಲಿ ಆಗಲೇ ಒಂದು ಸ್ಥಿರಾಂಕವಿದೆ. ಅದಕ್ಕೆ 100 ಗ್ರಾಂ ಕೂಡಿಸಿ, ಮೂರೂ ಪ್ರಭೇದಗಳ ಸಂಖ್ಯೆಯಿಂದ ನೂರು ನೂರು ಕಳೆದರೂ ಯಾವ ಹಕ್ಕಿಯ ಅಂದಾಜು ತೂಕವೂ ಬದಲಾಗುವುದಿಲ್ಲ. ನೂರರ ಬದಲು ಸಾವಿರ ತೆಗೆದುಕೊಂಡರೂ ಅಷ್ಟೇ. ಸರಿ ಉತ್ತರಗಳು ಲೆಕ್ಕವಿಲ್ಲದಷ್ಟಾದಾಗ ಒಂದನ್ನು ಆರಿಸಲು ಕಂಪ್ಯೂಟರಿಗೆ ಆಧಾರವೇ ಇರುವುದಿಲ್ಲ. ಆದ್ದರಿಂದ ಒಂದು ಗುಂಪನ್ನು ಬಿಡಲೇಬೇಕು. ಹಾಗೆ ಬಿಟ್ಟದ್ದೇ ಆಧಾರ ಗುಂಪು.

ಆರ್ ಎಂಬ ತಂತ್ರಾಂಶದಲ್ಲಿ ಈ ಕೆಲಸಕ್ಕೆ ಒಂದೇ ಸಾಲು ಸಾಕು:

```
lm(body_mass_g ~ species, data = penguins)
```

ಉತ್ತರವಾಗಿ ಮೂರು ಸಂಖ್ಯೆಗಳು ಬರುತ್ತವೆ. ಸ್ಥಿರಾಂಕ 3700.66, ಚಿನ್‌ಸ್ಟ್ರಾಪ್ 32.43, ಜೆಂಟೂ 1375.35. ಪಟ್ಟಿಯಲ್ಲಿ ಅಡೇಲಿಯ ಹೆಸರೇ ಇಲ್ಲ. ಆದರೆ ಮೂರೂ ಸಂಖ್ಯೆಗಳಲ್ಲಿ ಇರುವುದು ಅದೇ. 3700.66 ಗ್ರಾಂ ಎಂಬುದು ಅಡೇಲಿಗಳ ಸರಾಸರಿ ತೂಕ. 32.43 ಎಂಬುದು ಚಿನ್‌ಸ್ಟ್ರಾಪ್‌ಗಳ ತೂಕವಲ್ಲ, ಅವು ಅಡೇಲಿಗಳಿಗಿಂತ ಸರಾಸರಿ ಎಷ್ಟು ಹೆಚ್ಚು ತೂಗುತ್ತವೆ ಎಂಬ ಅಂತರ. ಜೆಂಟೂ ಸಾಲಿನದೂ ಅಂತರವೇ. 3700.66ಕ್ಕೆ 1375.35 ಕೂಡಿಸಿದರೆ ಜೆಂಟೂ ಸರಾಸರಿ, ಸುಮಾರು 5076 ಗ್ರಾಂ.

ಅಡೇಲಿಯೇ ಆಧಾರವಾದದ್ದು ಏಕೆ? ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಅದರ ಹೆಸರು ಮೊದಲು ಬರುತ್ತದೆ, ಅಷ್ಟೇ. ಜೀವಶಾಸ್ತ್ರದ ಯಾವ ಕಾರಣವೂ ಇದರ ಹಿಂದಿಲ್ಲ. ಜೆಂಟೂವನ್ನು ಆಧಾರವಾಗಿಸಿದರೆ ಸ್ಥಿರಾಂಕ 5076.02 ಆಗುತ್ತದೆ, ಅಡೇಲಿ ಮೈನಸ್ 1375.35, ಚಿನ್‌ಸ್ಟ್ರಾಪ್ ಮೈನಸ್ 1342.93. ಸಂಖ್ಯೆಗಳೆಲ್ಲ ಬದಲಾದವು. ಆದರೂ ಪ್ರತಿ ಹಕ್ಕಿಗೆ ಊಹಿಸಿದ ತೂಕ ಗ್ರಾಂ ಲೆಕ್ಕದಲ್ಲೂ ಕದಲುವುದಿಲ್ಲ. ಎಲ್ಲಿ ನಿಂತು ನೋಡುತ್ತೇವೆ ಎಂಬುದು ಮಾತ್ರ ಬದಲಾಗಿದೆ. ಹಾಗಾಗಿ ಆಧಾರವನ್ನು ಅಕ್ಷರಮಾಲೆಗೆ ಬಿಟ್ಟುಕೊಡದೆ, ಓದುಗರು ಯಾವುದರೊಂದಿಗೆ ಹೋಲಿಸಲು ಬಯಸುತ್ತಾರೋ ಅದನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಗುಂಪಿನಲ್ಲಿ ಹಕ್ಕಿಗಳ ಸಂಖ್ಯೆಯೂ ಸಾಕಷ್ಟಿರಬೇಕು. ಬೆರಳೆಣಿಕೆಯ ಗುಂಪನ್ನು ಆಧಾರವಾಗಿಸಿದರೆ ಅದರ ಸರಾಸರಿಯಲ್ಲಿರುವ ಅನಿಶ್ಚಿತತೆ ಪಟ್ಟಿಯ ಪ್ರತಿ ಅಂತರಕ್ಕೂ ಹರಡುತ್ತದೆ.

ಹೆಚ್ಚು ಜನ ಎಡವುವುದು ಪಿ-ಮೌಲ್ಯ ಓದುವಾಗ. ಮೊದಲ ಪಟ್ಟಿಯಲ್ಲಿ ಚಿನ್‌ಸ್ಟ್ರಾಪ್ ಸಾಲಿನ ಪಿ-ಮೌಲ್ಯ 0.63. ಇದನ್ನು ನೋಡಿ ‘ಚಿನ್‌ಸ್ಟ್ರಾಪ್ ಮುಖ್ಯವಲ್ಲ’ ಎಂದು ಬರೆದುಬಿಡುತ್ತಾರೆ. ಆ ಸಂಖ್ಯೆ ಹೇಳುವುದು ಇಷ್ಟೇ: ಚಿನ್‌ಸ್ಟ್ರಾಪ್‌ಗೂ ಅಡೇಲಿಗೂ ಸರಾಸರಿ ತೂಕದಲ್ಲಿ ವ್ಯತ್ಯಾಸವಿದೆ ಎನ್ನಲು ಈ ದತ್ತಾಂಶದಲ್ಲಿ ಸಾಕ್ಷ್ಯ ಸಾಲದು. ಜೆಂಟೂವನ್ನು ಆಧಾರವಾಗಿಸಿದ ಪಟ್ಟಿಯಲ್ಲಿ ಅದೇ ಚಿನ್‌ಸ್ಟ್ರಾಪ್ ಸಾಲಿಗೆ ಅತ್ಯಂತ ಬಲವಾದ ಸಾಕ್ಷ್ಯ ಕಾಣಿಸುತ್ತದೆ. ಹಕ್ಕಿಗಳು ಅವೇ, ಪ್ರಶ್ನೆ ಮಾತ್ರ ಬೇರೆ. ಪ್ರಭೇದ ಎಂಬ ವಿಷಯ ಒಟ್ಟಾರೆ ಮುಖ್ಯವೇ ಎಂದು ತಿಳಿಯಬೇಕಾದರೆ ಡಮ್ಮಿಗಳನ್ನು ಒಟ್ಟಿಗೇ ಪರೀಕ್ಷಿಸಬೇಕು, ಅದಕ್ಕೆ ಎಫ್ ಪರೀಕ್ಷೆ ಇದೆ. ಇನ್ನು ಕೆಲವರು ‘ಮುಖ್ಯವಲ್ಲದ’ ಆ ಸಾಲನ್ನು ಅಳಿಸಿ ಲೆಕ್ಕವನ್ನು ಮತ್ತೆ ಮಾಡುತ್ತಾರೆ. ಆಗ ಚಿನ್‌ಸ್ಟ್ರಾಪ್‌ಗಳು ಎಲ್ಲಿಗೂ ಹೋಗುವುದಿಲ್ಲ, ಸದ್ದಿಲ್ಲದೆ ಆಧಾರ ಗುಂಪಿಗೆ ಸೇರಿಕೊಳ್ಳುತ್ತವೆ. ಸ್ಥಿರಾಂಕ ಸುಮಾರು 3711 ಆಗುತ್ತದೆ. ಅದು ಅಡೇಲಿಯ ತೂಕವೂ ಅಲ್ಲ, ಚಿನ್‌ಸ್ಟ್ರಾಪ್‌ನದೂ ಅಲ್ಲ, ಎರಡೂ ಬೆರೆತ ಹಿಂಡಿನದು.

ಈಗ ಇದೇ ಲೆಕ್ಕಕ್ಕೆ ರೆಕ್ಕೆಯ ಉದ್ದವನ್ನೂ ಸೇರಿಸೋಣ. ರೆಕ್ಕೆ ಒಂದು ಮಿಲಿಮೀಟರ್ ಉದ್ದವಾದಂತೆ ತೂಕ 40.7 ಗ್ರಾಂ ಏರುತ್ತದೆ ಎಂಬ ಉತ್ತರ ಬರುತ್ತದೆ. ಜೆಂಟೂ 1375ರಿಂದ 267ಕ್ಕೆ ಇಳಿಯುತ್ತದೆ. ಚಿನ್‌ಸ್ಟ್ರಾಪ್ 32ರಿಂದ ಮೈನಸ್ 207ಕ್ಕೆ ಜಾರುತ್ತದೆ, ಚಿಹ್ನೆಯೇ ತಿರುಗಿತು. ಇಲ್ಲಿ ತಪ್ಪೇನೂ ಆಗಿಲ್ಲ. ಮೊದಲು ಕೇಳಿದ್ದು ಸಾಮಾನ್ಯ ಚಿನ್‌ಸ್ಟ್ರಾಪ್ ಸಾಮಾನ್ಯ ಅಡೇಲಿಗಿಂತ ಎಷ್ಟು ಭಾರ ಎಂದು. ಈಗ ಕೇಳುತ್ತಿರುವುದು ರೆಕ್ಕೆಯ ಉದ್ದ ಸಮನಾಗಿರುವ ಎರಡು ಹಕ್ಕಿಗಳ ಬಗ್ಗೆ. ಚಿನ್‌ಸ್ಟ್ರಾಪ್‌ನ ರೆಕ್ಕೆ ಅಡೇಲಿಯದಕ್ಕಿಂತ ಸರಾಸರಿ ಆರು ಮಿಲಿಮೀಟರ್ ಹೆಚ್ಚು ಉದ್ದ. ಅಷ್ಟು ಉದ್ದದ ರೆಕ್ಕೆಯಿರುವ ಅಡೇಲಿ ಅದಕ್ಕಿಂತ ಭಾರವಾಗಿರುತ್ತದೆ.

ಸ್ಥಿರಾಂಕವಂತೂ ಮೈನಸ್ 4031 ಗ್ರಾಂ ಆಗಿಬಿಡುತ್ತದೆ. ಅದು ಈಗ ರೆಕ್ಕೆಯ ಉದ್ದ ಸೊನ್ನೆಯಾದ ಅಡೇಲಿಯ ತೂಕ, ಅಂಥ ಹಕ್ಕಿ ಹುಟ್ಟುವುದೇ ಇಲ್ಲ. ಪ್ರತಿ ರೆಕ್ಕೆಯ ಉದ್ದದಿಂದ ಒಟ್ಟು ಸರಾಸರಿಯಾದ 201 ಮಿಲಿಮೀಟರನ್ನು ಕಳೆದು ಲೆಕ್ಕ ಮಾಡಿದರೆ ಸ್ಥಿರಾಂಕ ಸುಮಾರು 4150 ಗ್ರಾಂ ಎಂದು ಬರುತ್ತದೆ. 201 ಮಿಲಿಮೀಟರ್ ರೆಕ್ಕೆಯ ಅಡೇಲಿ ಅಪರೂಪವಾದರೂ ದತ್ತಾಂಶದಲ್ಲಿ ಇದೆ.

ಜೆಂಟೂವಿನ 267 ಗ್ರಾಂ ಅನ್ನು ಮಾತ್ರ ಇನ್ನೂ ಹುಷಾರಾಗಿ ಹಿಡಿಯಬೇಕು. ಇಲ್ಲಿ ಅಳೆದ ಅಡೇಲಿಗಳ ರೆಕ್ಕೆ 210 ಮಿಲಿಮೀಟರ್ ದಾಟುವುದಿಲ್ಲ, ಜೆಂಟೂಗಳದು 203ಕ್ಕಿಂತ ಕೆಳಗಿಳಿಯುವುದಿಲ್ಲ. ‘ಸಮಾನ ರೆಕ್ಕೆಯ’ ಹಕ್ಕಿಗಳು ಎದುರುಬದುರಾಗುವುದು ಆ ಏಳು ಮಿಲಿಮೀಟರಿನಲ್ಲಿ ಮಾತ್ರ, ಉಳಿದದ್ದೆಲ್ಲ ರೇಖೆಯನ್ನು ಹಿಗ್ಗಿಸಿ ಹೇಳಿದ ಮಾತು. ಮೇಲಾಗಿ ಮೂರೂ ಪ್ರಭೇದಗಳಿಗೆ ಒಂದೇ ಇಳಿಜಾರು ಎಂದು ನಾವು ಒಪ್ಪಿಕೊಂಡಿದ್ದೇವೆ. ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಅಡೇಲಿಗೆ ಮಿಲಿಮೀಟರಿಗೆ ಸುಮಾರು 33 ಗ್ರಾಂ, ಜೆಂಟೂಗೆ ಸುಮಾರು 55. ಹಾಗಾದರೆ ಎರಡರ ನಡುವಿನ ಅಂತರಕ್ಕೆ ಒಂದೇ ಸಂಖ್ಯೆ ಇಲ್ಲ. ರೆಕ್ಕೆಯ ಯಾವ ಉದ್ದದಲ್ಲಿ ಕೇಳುತ್ತಿದ್ದೇವೆ ಎಂಬುದನ್ನೂ ಉತ್ತರದ ಜೊತೆಗೇ ಬರೆಯಬೇಕಾಗುತ್ತದೆ.