ಆರು ಅಡಿ ನಡೆಯುವ ಜಾಗ

ನಮ್ಮ ಪುರಸಭೆ ಊರುಗಳಲ್ಲಿ ಫುಟ್‌ಪಾತ್ ಎಂದರೆ ಸಾಮಾನ್ಯವಾಗಿ ಚರಂಡಿಯ ಮೇಲೆ ಮುಚ್ಚಿದ ಚಪ್ಪಡಿ. ಚರಂಡಿಯ ಗೋಡೆ ಎಷ್ಟು ಎತ್ತರವೋ ಫುಟ್‌ಪಾತೂ ಅಷ್ಟೇ ಎತ್ತರ. ಅಗಲಕ್ಕೂ ಲೆಕ್ಕವಿಲ್ಲ, ಕಂಬ, ಗಿಡ, ಅಂಗಡಿ ಮೆಟ್ಟಿಲು ಹೋಗಿ ಉಳಿದದ್ದು ನಡೆಯುವವರಿಗೆ. ಈ ಲೆಕ್ಕ ತಿರುವುಮುರುವಾಗಬೇಕು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ ಕನಿಷ್ಠ ಅಗಲ 1.8 ಮೀಟರ್, ಅಂದರೆ ಸುಮಾರು ಆರು ಅಡಿ. ಎದುರುಬದುರು ಬಂದ ಎರಡು ಗಾಲಿಕುರ್ಚಿಗಳು ದಾಟಿ ಹೋಗಲು ಇಷ್ಟು ಬೇಕು. ಇದರೊಳಗೆ ಯಾವ ಅಡ್ಡಿಯೂ ಇರಕೂಡದು. ನಲವತ್ತು ಅಡಿಯ ಪೇಟೆ ರಸ್ತೆಯನ್ನೇ ತೆಗೆದುಕೊಳ್ಳಿ. ವಾಹನಗಳಿಗೆ ಇಪ್ಪತ್ತೆರಡು ಅಡಿ ಬಿಟ್ಟರೆ ಎರಡೂ ಬದಿಗೆ ಒಂಬತ್ತೊಂಬತ್ತು ಅಡಿ ಸಿಗುತ್ತದೆ. ಅಂಗಡಿ ಕಡೆಯ ಆರು ಅಡಿ ನಡೆಯಲು. ರಸ್ತೆ ಕಡೆಯ ಮೂರು ಅಡಿಯ ಪಟ್ಟಿಯಲ್ಲಿ ಕಂಬ, ಗಿಡ, ಫಲಕ, ಎಲ್ಲ ಒಂದೇ ಸಾಲಿಗೆ. ಟ್ರಾನ್ಸ್‌ಫಾರ್ಮರ್ ಈ ಪಟ್ಟಿಗೆ ಹಿಡಿಸುವುದಿಲ್ಲ, ಅದಕ್ಕೆ ಬೇರೆ ಜಾಗವನ್ನೇ ಹುಡುಕಬೇಕು. ಅಂಗಡಿಯ ಮೆಟ್ಟಿಲು ಅಂಗಡಿಯವರ ಜಾಗದಲ್ಲೇ ಇಳಿಯಬೇಕು. ಜಗಳ ಬರುವುದೂ ಇಲ್ಲೇ.

ಹೆಚ್ಚು ಕೆಡುವುದು ಮೂಲೆಯ ಇಳಿಜಾರು. ನಿಯಮ ಒಂದಕ್ಕೆ ಹನ್ನೆರಡು: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಫುಟ್‌ಪಾತ್ ಆರು ಇಂಚು ಎತ್ತರವಿದ್ದರೆ ಇಳಿಜಾರಿಗೆ ಆರು ಅಡಿ ಬೇಕು. ನಮ್ಮ ಒಂಬತ್ತು ಅಡಿಯಲ್ಲಿ ಅದನ್ನು ಕಳೆದರೂ ಹಿಂದೆ ಮೂರು ಅಡಿ ಸಮತಟ್ಟು ಉಳಿದು, ನೇರ ಹೋಗುವವರು ಓರೆಯಾಗಿ ನಡೆಯಬೇಕಾಗುವುದಿಲ್ಲ. ಒಟ್ಟು ಅಗಲವೇ ಆರು ಅಡಿಯಾಗಿದ್ದರೆ ಮೂಲೆಯಲ್ಲಿ ಇಡೀ ಫುಟ್‌ಪಾತನ್ನೇ ನಿಧಾನವಾಗಿ ತಗ್ಗಿಸಬೇಕು. ಚರಂಡಿ ಗೋಡೆ ಒಂದೂವರೆ ಅಡಿ ಎದ್ದಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ: ಹದಿನೆಂಟು ಅಡಿ ಇಳಿಜಾರಿಗೆ ಜಾಗವೆಲ್ಲಿ? ಆಗ ಗುತ್ತಿಗೆದಾರರು ಎರಡು ಅಡಿಯಲ್ಲೇ ಸಿಮೆಂಟು ಬಳಿದು ಮುಗಿಸುತ್ತಾರೆ. ಅದರ ಮೇಲೆ ಬೈಕು ಹತ್ತುತ್ತದೆ, ಗಾಲಿಕುರ್ಚಿ ಹತ್ತುವುದಿಲ್ಲ. ಹಾಗಾಗಿ ಎತ್ತರ ಆರು ಇಂಚು ದಾಟದಂತೆ ನಕ್ಷೆಯಲ್ಲೇ ಕಟ್ಟುಹಾಕಬೇಕು. ಇಳಿಜಾರಿನ ಬುಡ ರಸ್ತೆಗೆ ಸಮನಾಗಿ ಕೂಡಬೇಕು. ಅರ್ಧ ಇಂಚಿನ ಅಂಚು ಸಾಕು, ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಅಲ್ಲೇ ತಡೆದು ನಿಲ್ಲುತ್ತದೆ.

ಗಿಡಗಳನ್ನು ವಿದ್ಯುತ್ ತಂತಿ ಇಲ್ಲದ ಬದಿಗೆ ಹಾಕುವುದು ಜಾಣತನ. ಇಲ್ಲವಾದರೆ ವರ್ಷವರ್ಷ ತಲೆ ಕತ್ತರಿಸಿಕೊಂಡು ಮೊಂಡಾಗುತ್ತವೆ. ಹೊಂಗೆ, ಬೇವು ನಮ್ಮ ಬೀದಿಗಳಿಗೆ ಹೊಂದುತ್ತವೆ. ಬುಡಕ್ಕೆ ಕಾಂಕ್ರೀಟು ಬಿಗಿದರೆ ನೀರು ಇಂಗುವುದಿಲ್ಲ, ಬೇರು ಕಲ್ಲನ್ನು ಎಬ್ಬಿಸುತ್ತದೆ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರಿನವರೆಗೆ ಕಾಂಕ್ರೀಟು ತೆಗೆಯಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು.

ನೆಲದಡಿಯ ಕೊಳವೆ, ಕೇಬಲ್ಲುಗಳ ಕತೆ ಗೊತ್ತಿದ್ದದ್ದೇ: ಇಂದು ಕಲ್ಲು ಹಾಕುತ್ತಾರೆ, ನಾಳೆ ನೀರಿನವರು ಅಗೆಯುತ್ತಾರೆ. ಬೆಂಗಳೂರಿನ ಟೆಂಡರ್ ಶ್ಯೂರ್ ರಸ್ತೆಗಳಲ್ಲಿ ಇವನ್ನೆಲ್ಲ ಮೊದಲೇ ಫುಟ್‌ಪಾತಿನಡಿ ಸಾಲಾಗಿ ಕೂರಿಸಿದ್ದಾರೆ. ಅಷ್ಟು ದುಡ್ಡಿಲ್ಲದ ಊರು ಕೇಬಲ್ಲಿಗೆಂದು ಒಂದೆರಡು ಖಾಲಿ ಪೈಪು ಹೂತು, ಮೇಲೆ ಕಾಂಕ್ರೀಟಿನ ಬದಲು ಮರಳಿನ ಮೇಲೆ ಕೂರಿಸಿದ ಇಂಟರ್‌ಲಾಕ್ ಕಲ್ಲು ಹಾಕಬಹುದು. ಅಗೆದರೂ ಅದೇ ಕಲ್ಲನ್ನು ಮತ್ತೆ ಜೋಡಿಸಬಹುದು.

ನಿಮ್ಮ ಬೀದಿಯಲ್ಲಿ ಕೆಲಸ ಶುರುವಾಗಿದ್ದರೆ ಕಾಂಕ್ರೀಟು ಬೀಳುವ ಮುಂಚೆಯೇ ಟೇಪು ಹಿಡಿದು ಹೋಗಿ. ಅಗಲ ಆರು ಅಡಿ, ಎತ್ತರ ಆರು ಇಂಚು ಇದೆಯೇ ನೋಡಿ. ಇಲ್ಲದಿದ್ದರೆ ಅಂದೇ ಪುರಸಭೆಯ ಎಂಜಿನಿಯರಿಗೆ ಲಿಖಿತ ದೂರು ಕೊಡಿ.